ಇನ್ನೂರು ಮೀಟರ್ ಎಂದು ಕೊಟ್ಟ ಮುಳ್ಳುತಂತಿ ರೋಲು ಕಡಿಮೆ ಬಂದಿರುವ ಬಗ್ಗೆ

ಇಂದ,
ಒಬ್ಬ ರೈತ, ಶಿಡ್ಲಘಟ್ಟ ತಾಲ್ಲೂಕು, ಚಿಕ್ಕಬಳ್ಳಾಪುರ ಜಿಲ್ಲೆ

ಇವರಿಗೆ,
ವ್ಯವಸ್ಥಾಪಕರು, ಬೇಲಿ ಸಾಮಗ್ರಿ ಮಾರಾಟ ಮಳಿಗೆ

ಮಾನ್ಯರೇ,

ನಮ್ಮ ಒಂದು ಎಕರೆ ಹಿಪ್ಪುನೇರಳೆ ತೋಟದ ಬೇಲಿಗೆಂದು ತಮ್ಮಲ್ಲಿ 12 ಗೇಜಿನ ಮುಳ್ಳುತಂತಿ ಎಂಟು ರೋಲು ತಂದೆ. ರೋಲಿಗೆ 2,100 ರೂಪಾಯಿ. ಚೀಟಿಯಲ್ಲಿ 200 ಮೀಟರ್, 20 ಕೆ.ಜಿ. ಎಂದೇ ಬರೆದಿದೆ.

ಜಮೀನು 330 ಅಡಿ ಉದ್ದ, 132 ಅಡಿ ಅಗಲ. ಸುತ್ತಳತೆ 924 ಅಡಿ. 12 ಅಡಿ ಗೇಟು ಬಿಟ್ಟರೆ 912. ಏಳಡಿ ಕಲ್ಲುಕಂಬ, ಎರಡಡಿ ನೆಲದೊಳಗೆ, ಹತ್ತಡಿಗೊಂದು. ಐದು ಎಳೆಗೆ 4,560 ಅಡಿ, ಅಂದರೆ 1,390 ಮೀಟರ್ ಸಾಕು. ಎಂಟು ರೋಲಿಗೆ 1,600 ಮೀಟರ್ ಇರಬೇಕಲ್ಲ, ಮಿಕ್ಕಿದ್ದು ಗೇಟಿಗಾಗುತ್ತದೆ ಎಂದುಕೊಂಡಿದ್ದೆ.

ಮೇಲಿನಿಂದ ನಾಲ್ಕು ಎಳೆ ಆಯಿತು. ಐದನೆಯದು, ನೆಲಕ್ಕೆ ಹತ್ತಿರದ್ದು, ಇನ್ನೂ 24 ಅಂಕಣ ಇರುವಾಗಲೇ ಮುಗಿದುಹೋಯಿತು. ಮೇಕೆ ನುಗ್ಗುವುದೇ ಆ ಸಂದಿನಲ್ಲಿ! ಹಿಪ್ಪುನೇರಳೆ ಸೊಪ್ಪಿನ ರುಚಿ ಅವಕ್ಕೆ ಹೇಳಿಕೊಡಬೇಕೆ?

ಫೋನ್ ಮಾಡಿದಾಗ ತಮ್ಮ ಹುಡುಗ "ಬಿಗಿಯಾಗಿ ಎಳೆದಿರ್ತೀರಾ, ಮೂಲೆಯಲ್ಲಿ ಜಾಸ್ತಿ ಸುತ್ತಿರ್ತೀರಾ" ಎಂದ. ಬಿಗಿ ಎಳೆದರೆ ತಂತಿ ಉಳಿಯುತ್ತದೆ, ಜೋಲು ಬಿಟ್ಟರೆ ಹೆಚ್ಚು ತಿನ್ನುತ್ತದೆ. ಮೂಲೆಗೆ ಸುತ್ತಿ, ರೋಲಿಗೆ ರೋಲು ಹೆಣೆದದ್ದೆಲ್ಲ ಸೇರಿ ರೋಲಿಗೆ ನಾಲ್ಕಡಿ ಹೋಗಿರಬಹುದು. 200 ಮೀಟರ್ ಇದ್ದಿದ್ದರೆ 656 ಅಡಿ, ಅಂದರೆ 65 ಅಂಕಣ ದಾಟಬೇಕಿತ್ತು. ಪ್ರತಿ ರೋಲೂ 54 ಅಂಕಣಕ್ಕೇ ನಿಂತಿದೆ. ಕಂಬ ಎಣಿಸಿದರೆ ಯಾರಿಗಾದರೂ ತಿಳಿಯುತ್ತದೆ.

ಎಂಟನೆಯ ರೋಲು ಬಿಚ್ಚುವ ಮುಂಚೆಯೇ ಅನುಮಾನ ಬಂದು ರೇಷ್ಮೆಗೂಡು ತೂಗುವ ತಕ್ಕಡಿಯ ಮೇಲಿಟ್ಟೆ. 16 ಕೆ.ಜಿ. 400 ಗ್ರಾಂ. ಅದರಿಂದಲೇ ಒಂದು ಮೀಟರ್ ಕತ್ತರಿಸಿ ತೂಗಿದರೆ ಸರಿಯಾಗಿ 100 ಗ್ರಾಂ. ಎರಡು ಎಳೆ ಹೆಣೆದು ಮುಳ್ಳು ಹಾಕಿದ 12 ಗೇಜಿನ ತಂತಿ ಸುಮಾರು ಅಷ್ಟೇ ತೂಗುತ್ತದೆ, 14 ಗೇಜಾಗಿದ್ದರೆ ಇನ್ನೂ ಹಗುರವಿರುತ್ತಿತ್ತು. ಹಾಗಾಗಿ ಗೇಜಿನ ಬಗ್ಗೆ ನನ್ನ ತಕರಾರಿಲ್ಲ. ಉದ್ದವೇ 164 ಮೀಟರ್. ಕಂಬದ ಲೆಕ್ಕ, ತಕ್ಕಡಿಯ ಲೆಕ್ಕ ಎರಡೂ ಹೆಚ್ಚುಕಡಿಮೆ ಒಂದೇ ಹೇಳುತ್ತಿವೆ.

ರೋಲಿಗೆ 36 ಮೀಟರಿನಂತೆ ಎಂಟಕ್ಕೆ 288 ಮೀಟರ್ ಬಾಕಿ. ದುಡ್ಡಿನಲ್ಲಿ 3,024 ರೂಪಾಯಿ. ನನಗೆ ದುಡ್ಡು ಬೇಡ, ತಂತಿಯೇ ಬೇಕು. ಅದೇ ಗೇಜಿನದ್ದು, ನನ್ನೆದುರು ತೂಗಿ, ಬಿಲ್ಲಿನಲ್ಲಿ ತೂಕ ಬರೆದು ಕೊಡಿ. ಮತ್ತೆ ಕರೆಸಬೇಕಾದ ಇಬ್ಬರು ಆಳುಗಳ ಒಂದು ದಿನದ ಕೂಲಿಯನ್ನೂ ತಾವೇ ಕೊಡಬೇಕು.

ಹತ್ತು ದಿನದೊಳಗೆ ಉತ್ತರ ಬಾರದಿದ್ದರೆ ಬಿಲ್ಲು, ಚೀಟಿ, ತಕ್ಕಡಿಯ ಫೋಟೋಗಳೊಂದಿಗೆ ಕಾನೂನು ಮಾಪನಶಾಸ್ತ್ರ ಇಲಾಖೆಗೆ ದೂರು ಕೊಡುತ್ತೇನೆ. ಕತ್ತರಿಸಿದ ಆ ಒಂದು ಮೀಟರ್ ತುಂಡನ್ನು ಎತ್ತಿಟ್ಟಿದ್ದೇನೆ.

ಇಂತಿ ತಮ್ಮ ಗ್ರಾಹಕ