ಗೊಬ್ಬರ ಮಾರಿಯೇ ಘಟಕ ನಡೆಸುತ್ತೇವೆ ಅಂದರೆ ಲೆಕ್ಕ ಕೂಡುವುದಿಲ್ಲ

ಮಾನ್ಯ ಸಂಪಾದಕರೇ,

ಹಸಿ ಕಸದಿಂದ ಗೊಬ್ಬರ ಮಾಡುವ ಸಣ್ಣ ಘಟಕ ಹಾಕುತ್ತೇವೆ ಎನ್ನುವವರು ಮಂಗಳೂರಿನಲ್ಲಿ ಕಮ್ಮಿ ಇಲ್ಲ. ಬ್ಯಾಂಕ್ ಸಾಲಕ್ಕೆ ಪ್ರಾಜೆಕ್ಟ್ ರಿಪೋರ್ಟ್ ಬರೆದುಕೊಡುವುದು ನನ್ನ ಕೆಲಸ, ಹಾಗಾಗಿ ಅವರ ಲೆಕ್ಕ ಮೊದಲು ನನ್ನ ಮೇಜಿಗೆ ಬರುತ್ತದೆ. ಹೆಚ್ಚಿನವರದ್ದು ಒಂದೇ ಲೆಕ್ಕ: ಒಂದು ಟನ್ ಕಸಕ್ಕೆ 400 ಕೆ.ಜಿ. ಗೊಬ್ಬರ, ಕೆ.ಜಿ.ಗೆ 15 ರೂಪಾಯಿ, ದಿನಕ್ಕೆ ಆರು ಸಾವಿರ. ಕಾಗದದ ಮೇಲೆ ಚಂದ ಕಾಣುತ್ತದೆ.

ಹೋಟೆಲಿನ ಹಸಿ ಕಸದಲ್ಲಿ ಮುಕ್ಕಾಲು ಪಾಲು ನೀರು. ಉಳಿದದ್ದರಲ್ಲೂ ಸುಮಾರು ಅರ್ಧ, ರಾಶಿ ಬಿಸಿಯಾಗುವಾಗ ಗಾಳಿಗೆ ಹೋಗುತ್ತದೆ. ಮರದ ಹೊಟ್ಟು ಬೆರೆಸಿ, ನಲವತ್ತೈದು ದಿನ ಮಗುಚಿ, ಜರಡಿ ಹಿಡಿದ ಮೇಲೆ ಒಂದು ಟನ್ನಿಗೆ ಕೈಗೆ ಸಿಗುವುದು 180 ಕೆ.ಜಿ. ಆಸುಪಾಸು. 15 ರೂಪಾಯಿ ಕೊಡುವವರು ಮನೆಯ ಕುಂಡಕ್ಕೆ ಎರಡು ಕೆ.ಜಿ. ಒಯ್ಯುವವರು. ತೋಟದವರಿಗೆ ಚೀಲಗಟ್ಟಲೆ ಕೊಡುವುದಾದರೆ ಹಟ್ಟಿಗೊಬ್ಬರದ ಜೊತೆ ಪೈಪೋಟಿ, ಆರು ರೂಪಾಯಿ ಸಿಕ್ಕಿದರೆ ಪುಣ್ಯ. ಅಂದರೆ ಒಂದು ಟನ್ ಕಸದಿಂದ ಬರುವ ಗೊಬ್ಬರದ ಹಣ ಸುಮಾರು ಸಾವಿರ ರೂಪಾಯಿ, ಕಸದ ಕೆ.ಜಿ.ಗೆ ಒಂದೇ ರೂಪಾಯಿ.

ದಿನಕ್ಕೆ 1,200 ಕೆ.ಜಿ. ತನಕ ತಡೆಯುವ ಒಂದು ಘಟಕದ ಲೆಕ್ಕ ಹಾಕೋಣ. ಕಾಂಕ್ರೀಟ್ ನೆಲ, ಶೀಟಿನ ಮಾಡು ಇರುವ ಶೆಡ್, ಕತ್ತರಿಸುವ ಯಂತ್ರ, ತಿರುಗುವ ಜರಡಿ, ಹಳೆಯ ಪಿಕಪ್, ಡ್ರಮ್ಮು, ತೂಕದ ಯಂತ್ರ ಎಲ್ಲ ಸೇರಿ 15 ಲಕ್ಷ ಎಂದಿಟ್ಟುಕೊಳ್ಳಿ. 5 ಲಕ್ಷ ಕೈಯಿಂದ, 10 ಲಕ್ಷ ಸಾಲ. ಶೇಕಡಾ 11ರ ಬಡ್ಡಿಯಲ್ಲಿ ಐದು ವರ್ಷಕ್ಕೆ ಕಂತು ತಿಂಗಳಿಗೆ 21,700 ರೂಪಾಯಿ. ಇದರ ಮೇಲೆ ಚಾಲಕನಿಗೆ 18,000, ಇಬ್ಬರು ಕೆಲಸದವರಿಗೆ 30,000, ಡೀಸೆಲ್ 15,000, ಜಾಗದ ಬಾಡಿಗೆ 12,000. ಕರೆಂಟು, ರಿಪೇರಿ, ಚಿಲ್ಲರೆ ಖರ್ಚು ಸೇರಿಸಿದರೆ ತಿಂಗಳಿಗೆ 1,10,000. ಕಸ ಬರಲಿ ಬಾರದಿರಲಿ, ಇದು ತಪ್ಪುವುದಿಲ್ಲ.

ಇನ್ನು ಕಸ ಬಂದಷ್ಟೂ ಹೆಚ್ಚುವ ಖರ್ಚು ಒಂದಿದೆ. ಹಸಿ ಕಸಕ್ಕೆ ಒಣಗಿದ್ದು ಏನಾದರೂ ಬೆರೆಸಲೇಬೇಕು: ಮರದ ಹೊಟ್ಟು, ತೆಂಗಿನ ನಾರಿನ ಪುಡಿ, ತರಗೆಲೆ. ಬೇಸಿಗೆಯಲ್ಲಿ ಕಸದ ಕಾಲು ಭಾಗ ಸಾಕು. ಚೀಲದ ಖರ್ಚೂ ಸೇರಿ ಕಸದ ಕೆ.ಜಿ.ಗೆ ಒಂದು ರೂಪಾಯಿ ಬೀಳುತ್ತದೆ. ಗೊಬ್ಬರದಿಂದ ಬಂದದ್ದೂ ಅದೇ ಒಂದು ರೂಪಾಯಿ, ಅಲ್ವಾ? ಬಂದದ್ದು ಹೊಟ್ಟಿಗೇ ಹೋಯಿತು. ಗೊಬ್ಬರವನ್ನೇ ನಂಬಿದರೆ ದಿನಕ್ಕೆ ಹತ್ತು ಟನ್ ಕಸ ತಂದರೂ ಬಾಡಿಗೆಗೆ ಬಿಡಿಗಾಸು ಉಳಿಯುವುದಿಲ್ಲ.

ಹಾಗಾಗಿ ಘಟಕ ನಿಲ್ಲುವುದು ಕಸ ಒಯ್ಯುವುದಕ್ಕೆ ಪಡೆಯುವ ಶುಲ್ಕದ ಮೇಲೆ. ಕೆ.ಜಿ.ಗೆ ನಾಲ್ಕು ರೂಪಾಯಿ ಶುಲ್ಕ ಸಿಕ್ಕಿದರೆ, ಹೊಟ್ಟು ಮತ್ತು ಗೊಬ್ಬರದ ಹಣ ವಜಾ ಆಗಿ ಆ ನಾಲ್ಕೂ ಉಳಿಯುತ್ತದೆ. 1,10,000ವನ್ನು ನಾಲ್ಕರಿಂದ ಭಾಗಿಸಿದರೆ ತಿಂಗಳಿಗೆ 27,500 ಕೆ.ಜಿ., ದಿನಕ್ಕೆ ಸುಮಾರು 920 ಕೆ.ಜಿ. ಬೇಸಿಗೆಯಲ್ಲಿ ಲಾಭವೂ ಇಲ್ಲ ನಷ್ಟವೂ ಇಲ್ಲ ಎನ್ನುವ ಗಡಿ ಇದು.

ಆದರೆ ನಮ್ಮ ಊರಿಗೆ ಮಳೆಗಾಲ ಅಂತ ಒಂದಿದೆ. ಹೊರಗಿನ ಕನ್ಸಲ್ಟೆಂಟುಗಳ ಹಾಳೆಯಲ್ಲಿ ಅದೊಂದೇ ಇರುವುದಿಲ್ಲ. ಜೂನ್‌ನಿಂದ ಸೆಪ್ಟೆಂಬರ್ ತನಕ ಹೊಟ್ಟೂ ಒದ್ದೆ, ಗಾಳಿಯೂ ಒದ್ದೆ. ಕಾಲು ಭಾಗ ಸಾಲದು, ಕಸದ ಶೇಕಡಾ 40ರಷ್ಟು ಬೇಕಾಗುತ್ತದೆ, ರೇಟೂ ಜಾಸ್ತಿ. ಆ ಖರ್ಚು ಉಳಿಸಲು ಹೋದರೆ ರಾಶಿ ಉಸಿರು ಕಟ್ಟುತ್ತದೆ. ತಿಳಿಯುವುದು ಸುಲಭ: ಒಂದು ಮುಷ್ಟಿ ಹಿಂಡಿದಾಗ ಬೆರಳ ಸಂದಿಯಿಂದ ನೀರು ತೊಟ್ಟಿಕ್ಕಿದರೆ ಅದು ಹಾಳಾಗುತ್ತಿದೆ, ಅಂಗೈ ಬರೀ ತೇವವಾದರೆ ಸರಿ. ರಾಶಿಯೊಳಗೆ ಕಬ್ಬಿಣದ ಸರಳು ಚುಚ್ಚಿ ಹತ್ತು ನಿಮಿಷ ಬಿಟ್ಟು ತೆಗೆದರೆ ಮುಟ್ಟಲಾಗದಷ್ಟು ಬಿಸಿ ಇರಬೇಕು. ತಣ್ಣಗಿದ್ದರೆ ನಾಲ್ಕು ದಿನದಲ್ಲಿ ನಾತ, ಐದನೇ ದಿನ ನೆರೆಮನೆಯವರ ದೂರು. ಅಲ್ಲಿಗೆ ಘಟಕ ಮುಚ್ಚಿದ ಹಾಗೇ.

ಸರಿ, ಖರ್ಚು ಮಾಡಿದೆವು, ಕೆ.ಜಿ.ಗೆ ಎರಡು ರೂಪಾಯಿ ಆಯಿತು. ಆ ನಾಲ್ಕು ತಿಂಗಳು ಗೊಬ್ಬರ ಒಣಗುವುದೂ ಇಲ್ಲ, ಜರಡಿಯಲ್ಲಿ ಇಳಿಯುವುದೂ ಇಲ್ಲ, ಕೊಳ್ಳುವವರೂ ಬರುವುದಿಲ್ಲ. ಕೈಗೆ ಉಳಿಯುವುದು ಎರಡೇ ರೂಪಾಯಿ. ದಿನಕ್ಕೆ ಒಂದು ಟನ್ ಕಸ ಬಂದರೂ ತಿಂಗಳಿಗೆ 60,000 ಬಂದು 1,10,000 ಹೋಗುತ್ತದೆ. ನಾಲ್ಕು ತಿಂಗಳಿಗೆ ಕೈಯಿಂದ ಎರಡು ಲಕ್ಷ ಹಾಕಬೇಕು. ಆಟಿ ತಿಂಗಳಲ್ಲಿ ಬಾಗಿಲು ಮುಚ್ಚುವ ಘಟಕಗಳಿಗೆ ಇಲ್ಲದೇ ಹೋಗುವುದು ಈ ಎರಡು ಲಕ್ಷವೇ. ಸಾಲ ಕೇಳುವಾಗ ಶೆಡ್ಡಿಗೂ ಯಂತ್ರಕ್ಕೂ ಕೇಳುತ್ತಾರೆ, ಮಳೆಗಾಲ ದಾಟಲು ಬೇಕಾದ ದುಡಿಮೆ ಬಂಡವಾಳ ಕೇಳುವುದೇ ಇಲ್ಲ.

ಕೂಡಿಟ್ಟ ಗೊಬ್ಬರ ಹಾಳಾಗುವುದಿಲ್ಲ. ಅಡಿಕೆ ಮರವೊಂದಕ್ಕೆ ವರ್ಷಕ್ಕೆ 12 ಕೆ.ಜಿ. ಕಾಂಪೋಸ್ಟ್, ಅದೂ ಸೆಪ್ಟೆಂಬರ್-ಅಕ್ಟೋಬರ್‌ನಲ್ಲಿ ಹಾಕಿ ಎಂಬುದು ಕೃಷಿ ವಿಜ್ಞಾನಿಗಳ ಶಿಫಾರಸು. ಮಳೆಗಾಲದ ರಾಶಿ ಸುಮಾರು 21 ಟನ್ನಿಗೆ 1,800 ಮರ, ಅಂದರೆ ಮೂರೂವರೆ ಎಕರೆ ತೋಟ ಸಾಕು. ಇಬ್ಬರು ಕೃಷಿಕರ ಹತ್ತಿರ ಮೊದಲೇ ಮಾತಾಡಿಟ್ಟರೆ ಟನ್ ಕಸಕ್ಕೆ ಸಾವಿರದಂತೆ 1,20,000 ವಾಪಸ್ ಬರುತ್ತದೆ. ಉಳಿದ ಎಂಟು ತಿಂಗಳಲ್ಲಿ ದಿನಕ್ಕೆ ಒಂದು ಟನ್ನಿನಂತೆ ತಿಂಗಳಿಗೆ 1,20,000 ಬಂದು 1,10,000 ಹೋಗಿ, ಹತ್ತು ಸಾವಿರದಂತೆ 80,000 ಉಳಿದಿರುತ್ತದೆ. ಎರಡೂ ಸೇರಿದರೆ ಮಳೆಗಾಲದ ಎರಡು ಲಕ್ಷ ಭರ್ತಿಯಾಯಿತು. ಅಂದರೆ ಇಡೀ ವರ್ಷಕ್ಕೆ ಲೆಕ್ಕ ಸಮ ಆಗುವುದು ದಿನಕ್ಕೆ ಸರಿಯಾಗಿ ಒಂದು ಟನ್ನಿನಲ್ಲಿ, 920ರಲ್ಲಿ ಅಲ್ಲ. ಮಾಲೀಕನ ಸಂಬಳ ಇದರಲ್ಲಿ ಸೇರಿಲ್ಲ. ಅವನೇ ಪಿಕಪ್ ಓಡಿಸಿದರೆ ಆ 18,000 ಅವನದು, ಅಷ್ಟೆ.

ಒಂದು ಟನ್ ಅಂದರೆ ದಿನಕ್ಕೆ ನೂರು ಕೆ.ಜಿ. ಕೊಡುವ ಹತ್ತು ಗಿರಾಕಿಗಳು. ದಿನಕ್ಕೆ ನೂರು ಕೆ.ಜಿ. ಮೀರಿ ಕಸ ಮಾಡುವವರು ಕಾನೂನಿನ ಪ್ರಕಾರ ದೊಡ್ಡ ಉತ್ಪಾದಕರು, ಹಸಿ ಕಸದ ಜವಾಬ್ದಾರಿ ಅವರದೇ. ಅವರಿಗೆ ತಿಂಗಳಿಗೆ 12,000ದ ಬಿಲ್ಲು ಹಾಕಬಹುದು. ಸಣ್ಣ ಹೋಟೆಲಿನವರು ಯಾಕೆ ಕೊಟ್ಟಾರು? ಪಾಲಿಕೆಯ ಗಾಡಿ ಬಾಗಿಲಿಗೇ ಬರುತ್ತದೆ, ಇಲ್ಲದಿದ್ದರೆ ಹಂದಿ ಸಾಕುವವರು ಮುಸುರೆಯನ್ನು ಪುಕ್ಕಟೆ ಒಯ್ಯುತ್ತಾರೆ. ಚೌಕಾಸಿ ಮಾಡಿ ಶುಲ್ಕವನ್ನು ಮೂರು ರೂಪಾಯಿಗೆ ಇಳಿಸಿಕೊಂಡರೆ ಇಡೀ ವರ್ಷಕ್ಕೆ ಲೆಕ್ಕ ಸಮ ಆಗಲು ದಿನಕ್ಕೆ 1,375 ಕೆ.ಜಿ. ಬೇಕು. ನಮ್ಮ ಶೆಡ್ ತಡೆಯುವುದೇ 1,200.

ಹಾಂ, ಬೊಂಡದ ಚಿಪ್ಪನ್ನು ಇದೇ ರೇಟಿಗೆ ಒಪ್ಪಿಕೊಳ್ಳಬೇಡಿ. ಪಿಕಪ್ ತುಂಬುತ್ತದೆ, ಯಂತ್ರದ ಅಲಗು ಮೊಂಡಾಗುತ್ತದೆ, ನಲವತ್ತೈದು ದಿನದಲ್ಲಿ ಕೊಳೆಯುವುದೂ ಇಲ್ಲ.

ಬ್ಯಾಂಕಿನವರಲ್ಲಿ ನನ್ನದೊಂದು ಕೋರಿಕೆ. ಯಂತ್ರದ ಕೊಟೇಶನ್ ಕೇಳುವ ಮೊದಲು ಆ ಹತ್ತು ಗಿರಾಕಿಗಳ ಸಹಿ ಹಾಕಿದ ಒಪ್ಪಂದ ಕೇಳಿ. ಪಾಲಿಕೆಗೂ ಒಂದು ಮಾತು: ಜನವರಿಯಿಂದ ಏಪ್ರಿಲ್ ತನಕ ರಸ್ತೆ, ಪಾರ್ಕುಗಳಲ್ಲಿ ಗುಡಿಸಿದ ತರಗೆಲೆಯನ್ನು ಸುಡಲು ಬಿಡದೆ ಇಂಥ ಘಟಕಗಳಿಗೆ ಕೊಡಿ, ಇಡಲು ಒಂದು ಮಾಡಿನಡಿ ಜಾಗವನ್ನೂ ಕೊಡಿ. ಇಪ್ಪತ್ತು ಅಡಿ ಚೌಕದ ಕೋಣೆಯ ತುಂಬ ಪುಡಿ ಮಾಡಿದ ಎಲೆ ತುಂಬಿಸಿಟ್ಟರೆ ಒಂದು ಟನ್ನಿನ ಘಟಕಕ್ಕೆ ಮಳೆಗಾಲದ ಒಂದು ತಿಂಗಳು ಹೊಟ್ಟು ಕೊಳ್ಳುವುದು ತಪ್ಪುತ್ತದೆ.

ಇಂತಿ,
ಓರ್ವ ಲೆಕ್ಕಿಗ, ಮಂಗಳೂರು