ಕೋಲ್ಡ್ ರೂಮನ್ನು ಟನ್ ಲೆಕ್ಕದಲ್ಲಿ ಅಳೆಯಬೇಡಿ: ಮಾರುಕಟ್ಟೆ ಸಚಿವರಿಗೆ ಒಂದು ಬಹಿರಂಗ ಪತ್ರ

ಮಾನ್ಯ ಕೃಷಿ ಮಾರುಕಟ್ಟೆ ಸಚಿವರಿಗೆ,

ನಮಸ್ಕಾರ. ತರಕಾರಿ ಮಾರುಕಟ್ಟೆಗಳಿಗೆ ಸಣ್ಣ ಕೋಲ್ಡ್ ರೂಮ್ ಕಟ್ಟಿಕೊಡುವ ಕೆಲಸ ನನ್ನದು. ಇಂಥ ಕೋಣೆ ನಡೆಸಲು ಮುಂದೆ ಬರುವವರಿಗೆ ಸರ್ಕಾರ ನೆರವು ಕೊಡಲೇಬೇಕು. ಆದರೆ ಷರತ್ತು ಬರೆಯುವಾಗ "ಎಷ್ಟು ಟನ್ ಹಿಡಿಯುತ್ತದೆ" ಎಂಬುದನ್ನೇ ಮೊದಲ ಪ್ರಶ್ನೆ ಮಾಡಬೇಡಿ. ಬಿಸಿಲಲ್ಲಿ ಬಂದ ತರಕಾರಿಯನ್ನು ದಿನಕ್ಕೆ ಎಷ್ಟು ತಣ್ಣಗೆ ಮಾಡಬಲ್ಲದು ಎಂದು ಕೇಳಿ.

ಲೆಕ್ಕ ಕಷ್ಟದ್ದೇನಲ್ಲ. 1 ಟನ್ ಬದನೆಕಾಯಿ 32 ಡಿಗ್ರಿಯಲ್ಲಿ ಬಂದಿದೆ, ಅದನ್ನು 12 ಡಿಗ್ರಿಗೆ ಇಳಿಸಬೇಕು ಅಂತಿಟ್ಟುಕೊಳ್ಳಿ. ತರಕಾರಿಯಲ್ಲಿ ಇರುವುದು ಬಹುಪಾಲು ನೀರೇ. ಹಾಗಾಗಿ ಅದರಿಂದ ಸುಮಾರು 22 ಯೂನಿಟ್ ಕರೆಂಟಿಗೆ ಸಮನಾದಷ್ಟು ಶಾಖ ತೆಗೆಯಬೇಕು. ಒಂದು ಸಣ್ಣ ಯಂತ್ರ ಗಂಟೆಗೆ 5 ಯೂನಿಟ್ ಶಾಖ ಹೊರಹಾಕಿದರೆ ನಾಲ್ಕೂವರೆ ಗಂಟೆ ಬೇಕು. ಅದೇ ಯಂತ್ರ ಇರುವ ಕೋಣೆಗೆ ಒಂದೇ ಸಂಜೆ 5 ಟನ್ ತುಂಬಿದರೆ? 22 ಗಂಟೆ. ಇದಕ್ಕೆ ಬಾಗಿಲು ತೆಗೆದಾಗ ನುಗ್ಗುವ ಬಿಸಿಗಾಳಿ, ಗೋಡೆಯಿಂದ ಬರುವ ಶಾಖ, ತರಕಾರಿ ಉಸಿರಾಡುತ್ತಾ ತಾನೇ ಹುಟ್ಟಿಸುವ ಶಾಖ ಇವೆಲ್ಲ ಸೇರಬೇಕು. ಬೆಳಗಿನ ವ್ಯಾಪಾರದ ಹೊತ್ತಿಗೆ ನಡುವಿನ ಕ್ರೇಟುಗಳು ಇನ್ನೂ ಬೆಚ್ಚಗೇ ಇರುತ್ತವೆ. ಗೋಡೆಯ ಮೇಲಿನ ಮೀಟರ್ ಮಾತ್ರ 12 ತೋರಿಸುತ್ತಿರುತ್ತದೆ, ಯಾಕಂದ್ರೆ ಅದು ಅಳೆಯುವುದು ಗಾಳಿಯನ್ನು. ಕಾಗದದ ಮೇಲೆ ಅದು 5 ಟನ್ ಕೋಣೆಯೇ. ಆದರೆ ದಿನಕ್ಕೆ ಒಂದು, ಹೆಚ್ಚೆಂದರೆ ಒಂದೂವರೆ ಟನ್ ಹೊಸ ಮಾಲು ತಡೆದುಕೊಳ್ಳಬಲ್ಲದು, ಅಷ್ಟೇ.

ಇಷ್ಟು ಒತ್ತಿ ಹೇಳಲು ಕಾರಣ ಬಾಡಿಗೆಯ ಪದ್ಧತಿ. ದಿನಕ್ಕೆ ಒಂದು ಕ್ರೇಟಿಗೆ ಇಷ್ಟು ಅಂತ ಪಡೆಯುವ ಪದ್ಧತಿಯನ್ನು ನೈಜೀರಿಯಾದ ಕೋಲ್ಡ್‌ಹಬ್ಸ್ ಎಂಬ ಸಂಸ್ಥೆ ಸೋಲಾರ್ ಕೋಣೆಗಳಲ್ಲಿ ನಡೆಸಿ ತೋರಿಸಿದೆ. ಎರಡು ಕ್ರೇಟ್ ಉಳಿಸಿಕೊಂಡ ಸಣ್ಣ ವ್ಯಾಪಾರಿಗೆ ಇದಕ್ಕಿಂತ ಒಳ್ಳೆಯ ದಾರಿ ನನಗೆ ಕಂಡಿಲ್ಲ. ಆದರೆ ಕ್ರೇಟ್ ಲೆಕ್ಕದಲ್ಲಿ ದುಡ್ಡು ಬರುವಾಗ, ಮಾಲು ಜಾಸ್ತಿ ಬಂದ ದಿನ ಬಾಗಿಲವರೆಗೂ ತುಂಬುವ ಆಸೆ ಯಾರಿಗಾದರೂ ಆಗುತ್ತದೆ. ಆ ದಿನವೇ ಎಲ್ಲರ ಮಾಲೂ ಕೆಡುವುದು. ಅದಕ್ಕೇ ದಿನಕ್ಕೆ ಎಷ್ಟು ಹೊಸ ಕ್ರೇಟ್ ಒಳಗೆ ಬಿಡಬಹುದು ಎಂಬ ಮಿತಿಯನ್ನು ಬಾಗಿಲ ಮೇಲೆ ದೊಡ್ಡದಾಗಿ ಬರೆಸಿ.

ಇನ್ನೊಂದು ಷರತ್ತು, ಇದೂ ಅಷ್ಟೇ ಮುಖ್ಯ. ಒಂದು ದೊಡ್ಡ ಕೋಣೆ ಬೇಡ, ಎರಡು ಸಣ್ಣ ಕೋಣೆ ಇರಲಿ. ಸೊಪ್ಪು, ಕ್ಯಾರೆಟ್, ಎಲೆಕೋಸಿಗೆ 0ಯಿಂದ 2 ಡಿಗ್ರಿ ಹಿತ. ಬದನೆ, ಸೌತೆ, ಟೊಮೆಟೊಗಳಿಗೆ 10ರಿಂದ 13 ಡಿಗ್ರಿ ಬೇಕು. ಎಲ್ಲವನ್ನೂ 4 ಡಿಗ್ರಿಯ ಒಂದೇ ಕೋಣೆಗೆ ಹಾಕಿದರೆ ಏನಾಗುತ್ತದೆ ನೋಡಿ. ಸೌತೆಕಾಯಿ ಒಳಗಿರುವಷ್ಟು ದಿನ ಚೆನ್ನಾಗೇ ಕಾಣುತ್ತದೆ. ಹೊರಗೆ ತಂದ ಒಂದೆರಡು ದಿನಕ್ಕೆ ಸಿಪ್ಪೆಯ ಮೇಲೆ ನೀರು ತುಂಬಿದಂಥ ಸಣ್ಣ ಗುಳಿ ಬೀಳುತ್ತವೆ, ಆಮೇಲೆ ಅಲ್ಲಿಂದಲೇ ಕೊಳೆಯುತ್ತದೆ. ಬದನೆಯ ಬೀಜ ಕಂದಾಗುತ್ತದೆ. ಕಾಯಿ ಟೊಮೆಟೊ ಸರಿಯಾಗಿ ಕೆಂಪಾಗುವುದೇ ಇಲ್ಲ. ಪಕ್ಕದಲ್ಲಿ ಹಣ್ಣು ಟೊಮೆಟೊ ಇದ್ದರೆ ಅದು ಬಿಡುವ ಎಥಿಲೀನ್ ಅನಿಲದಿಂದ ಸೊಪ್ಪು ಬೇಗ ಹಳದಿಯಾಗುತ್ತದೆ. ಇದು ಚಳಿಯ ಪೆಟ್ಟು, ಅದು ಅನಿಲದ ಪೆಟ್ಟು ಅಂತ ವ್ಯಾಪಾರಿಗೆ ಹೇಗೆ ಗೊತ್ತಾಗಬೇಕು? ಕೋಲ್ಡ್ ರೂಮಿಗೆ ಹಾಕಿದರೆ ಮಾಲು ಹಾಳಾಗುತ್ತದೆ ಅಂದುಕೊಳ್ಳುತ್ತಾರೆ. ಮತ್ತೆ ಅವರು ಬರುವುದಿಲ್ಲ, ಕೋಣೆ ಬೀಗ ಹಾಕಿಕೊಂಡು ಸುಮ್ನೆ ನಿಲ್ಲುತ್ತದೆ.

ಎರಡು ಕೋಣೆಗೆ ದುಡ್ಡು ಸಾಲದಿದ್ದರೆ ಆ ಮಾರುಕಟ್ಟೆಯಲ್ಲಿ ಹೆಚ್ಚು ಉಳಿದು ಕೆಡುವುದು ಯಾವುದು ಎಂದು ಮೊದಲು ನೋಡಿ, ಅದಕ್ಕೆ ಹೊಂದುವ ಒಂದೇ ಕೋಣೆ ಕಟ್ಟಿಸಿ. ಬೇರೆ ತರಕಾರಿ ಒಳಗೆ ಬಿಡಬೇಡಿ. ಒಣಹವೆಯ ಜಾಗವಾದರೆ ಎರಡು ಸುತ್ತು ಇಟ್ಟಿಗೆ ಗೋಡೆಯ ನಡುವೆ ಮರಳು ತುಂಬಿ ನೀರುಣಿಸುವ ಕೊಠಡಿಯೂ ಬದನೆ, ಟೊಮೆಟೊವನ್ನು ಕೆಲವು ದಿನ ಕಾಯುತ್ತದೆ, ಕರೆಂಟೂ ಬೇಡ. ಆದರೆ ಗಾಳಿಯಲ್ಲಿ ತೇವ ಜಾಸ್ತಿ ಇರುವ ಕಡೆ ನೀರು ಆರುವುದಿಲ್ಲ, ತಂಪೂ ಆಗುವುದಿಲ್ಲ. ಅಂಥ ಕಡೆ ಅದಕ್ಕೆ ಹಣ ಹಾಕಬೇಡಿ.

ಕೊನೆಯ ಕಂತು ಕೊಡುವ ಮುಂಚೆ ಇನ್‌ಸ್ಪೆಕ್ಟರ್ ಗೋಡೆಯ ಮೀಟರ್ ನೋಡಿ ಸಹಿ ಹಾಕುವುದು ಬೇಡ. ಸಂಜೆ ದಿನದ ಮಿತಿಯಷ್ಟು ಮಾಲು ತುಂಬಿಸಲಿ. ಮಾರನೇ ದಿನ ಬೆಳಗಿನ ವ್ಯಾಪಾರಕ್ಕೆ ಮುಂಚೆ ನಡುವಿನ ಕ್ರೇಟ್ ಎಳೆಸಿ, ಒಂದು ಬದನೆಕಾಯಿಯ ಒಳಕ್ಕೆ ಥರ್ಮಾಮೀಟರ್ ಚುಚ್ಚಿ ನೋಡಲಿ. ತುಂಬಿಸುವಾಗ ಒಂದು ಕ್ರೇಟ್ ತೂಕ ಮಾಡಿಟ್ಟು ಬೆಳಿಗ್ಗೆ ಮತ್ತೆ ತೂಗಲಿ. ತೂಕ ಎದ್ದು ಕಾಣುವಷ್ಟು ಇಳಿದಿದ್ದರೆ ಯಂತ್ರ ಗಾಳಿಯ ತೇವವನ್ನೆಲ್ಲ ಹೀರುತ್ತಿದೆ ಎಂದರ್ಥ. ಆ ಎರಡು ಅಂಕಿ ಸರಿಯಿದ್ದರೆ ಹಣ ಬಿಡುಗಡೆ ಮಾಡಿ. ಇಲ್ಲದಿದ್ದರೆ ಕಟ್ಟಿದವರಿಂದ, ಅದು ನಾನೇ ಆಗಿರಲಿ, ಮೊದಲು ಸರಿ ಮಾಡಿಸಿ.

ಇಂತಿ,
ಕೋಲ್ಡ್ ರೂಮ್ ಕಟ್ಟುವ ಒಬ್ಬ ಕೆಲಸಗಾರ