‘50 ಕ್ಯೂಬಿಟ್’ ಎಂಬ ನಿಮ್ಮ ಜಾಹೀರಾತಿನ ಬಗ್ಗೆ ದೂರು

ಗ್ರಾಹಕ ಸೇವಾ ವಿಭಾಗದ ಮುಖ್ಯಸ್ಥರಿಗೆ,

ಮಾನ್ಯರೇ,

ನಿಮ್ಮ ಕ್ವಾಂಟಮ್ ಸಿಮ್ಯುಲೇಟರಿನ 128 ಜಿಬಿ ಮೆಮೊರಿ ಪ್ಲಾನಿಗೆ ನಾನು ಚಂದಾದಾರ. ಪ್ಲಾನಿನ ಪುಟದಲ್ಲಿ ‘ಪೂರ್ಣ ಸ್ಟೇಟ್ ವೆಕ್ಟರ್, 50 ಕ್ಯೂಬಿಟ್‌ವರೆಗೆ’ ಎಂದು ದಪ್ಪ ಅಕ್ಷರದಲ್ಲಿ ಬರೆದಿದ್ದೀರಿ. ನನ್ನ ಸರ್ಕ್ಯೂಟ್ 32 ಕ್ಯೂಬಿಟ್‌ವರೆಗೆ ಚೆನ್ನಾಗಿಯೇ ಓಡಿತು. 33 ಮಾಡಿದ ಕೂಡಲೇ ಪರದೆ ಮೇಲೆ `Killed` ಅಂತ ಬಂತು, ಅಷ್ಟೇ. ಸಹಾಯವಾಣಿಯವರು ಕೋಡ್ ಸರಿಮಾಡಿಕೊಳ್ಳಿ ಎಂದರು. ಕೋಡ್ ಸರಿಯಾಗಿಯೇ ಇದೆ. ದಯವಿಟ್ಟು ಈ ಲೆಕ್ಕ ನೋಡಿ.

n ಕ್ಯೂಬಿಟ್‌ಗಳ ಸ್ಥಿತಿಯನ್ನು ಪೂರ್ತಿ ಇಟ್ಟುಕೊಳ್ಳಲು 2^n ಕಾಂಪ್ಲೆಕ್ಸ್ ಸಂಖ್ಯೆಗಳು ಬೇಕು, ಆ ಪಟ್ಟಿಯೇ ಸ್ಟೇಟ್ ವೆಕ್ಟರ್. ಡಬಲ್ ಪ್ರಿಸಿಷನ್‌ನಲ್ಲಿ ಒಂದೊಂದಕ್ಕೂ 16 ಬೈಟ್. 30 ಕ್ಯೂಬಿಟ್‌ಗೆ 16 ಜಿಬಿ ಆಯಿತು. ಅಲ್ಲಿಂದ ಒಂದೊಂದು ಕ್ಯೂಬಿಟ್ ಸೇರಿದಾಗಲೂ ಮೆಮೊರಿ ಇಮ್ಮಡಿ: 32ಕ್ಕೆ 64 ಜಿಬಿ, 33ಕ್ಕೆ 128 ಜಿಬಿ. ಮೆಮೊರಿಯೆಲ್ಲ ವೆಕ್ಟರಿಗೇ ಹೋದರೆ ಆಪರೇಟಿಂಗ್ ಸಿಸ್ಟಂಗೆ ಜಾಗವೆಲ್ಲಿ? ಅದಕ್ಕೇ ಅದು ಪ್ರೋಗ್ರಾಂ ಅನ್ನು ಕೊಂದುಹಾಕಿತು. ಸಿಂಗಲ್ ಪ್ರಿಸಿಷನ್‌ಗೆ ಇಳಿದರೆ ಸಿಗುವುದು ಒಂದೇ ಒಂದು ಕ್ಯೂಬಿಟ್ ಜಾಸ್ತಿ.

50 ಕ್ಯೂಬಿಟ್‌ಗೆ 16 ಪೆಟಾಬೈಟ್ ಬೇಕು. ನೀವು ಕೊಟ್ಟಿರುವಂಥ ಯಂತ್ರಗಳು 1,31,072 ಸೇರಿದರೆ ಅಷ್ಟಾಗುತ್ತದೆ. ಡಿಸ್ಕಿನಲ್ಲಿ ಇಡೋಣವೆಂದರೆ ಅದೂ ಆಗದ ಮಾತು, ಯಾಕೆಂದರೆ ಸಾಮಾನ್ಯವಾಗಿ ಒಂದು ಗೇಟ್ ಹಾಕಲು ಇಡೀ ವೆಕ್ಟರನ್ನು ಓದಿ ಮತ್ತೆ ಬರೆಯಬೇಕು. ಸೆಕೆಂಡಿಗೆ 100 ಜಿಬಿ ವೇಗ ಸಿಕ್ಕರೂ ಒಂದು ಸಲ ಓದುವುದಕ್ಕೇ ಎರಡು ದಿನ ಹಿಡಿಯುತ್ತದೆ. 2017ರಲ್ಲಿ ಕೋರಿ ಸೂಪರ್‌ಕಂಪ್ಯೂಟರಿನಲ್ಲಿ 45 ಕ್ಯೂಬಿಟ್ ಓಡಿಸಲು ಅರ್ಧ ಪೆಟಾಬೈಟ್ ಮೆಮೊರಿ ಬೇಕಾಗಿತ್ತು.

ಸಹಾಯವಾಣಿಯವರು ಪುರಾವೆ ಎಂದು ಕಳಿಸಿದ 50 ಕ್ಯೂಬಿಟ್ ಫೈಲನ್ನು ತೆರೆದು ನೋಡಿದೆ. ಒಳಗೆ `method="matrix_product_state"` ಎಂದಿದೆ! ಅದು ಸ್ಟೇಟ್ ವೆಕ್ಟರ್ ವಿಧಾನವೇ ಅಲ್ಲ. ಎಂಟ್ಯಾಂಗಲ್‌ಮೆಂಟ್, ಅಂದರೆ ಕ್ಯೂಬಿಟ್‌ಗಳು ಒಂದಕ್ಕೊಂದು ಹೆಣೆದುಕೊಂಡಿರುವುದು, ಕಡಿಮೆ ಇದ್ದಾಗ ಅದು ಒಳ್ಳೆಯ ವಿಧಾನ, ನಾನೂ ಬಳಸುತ್ತೇನೆ. ನಿಮ್ಮ ಉದಾಹರಣೆ ಜಿಎಚ್‌ಜೆಡ್ ಎಂಬ ಸರಳ ಸ್ಥಿತಿ, ಅದಕ್ಕೆ ಬಾಂಡ್ ಡೈಮೆನ್ಷನ್, ಅಂದರೆ ಈ ವಿಧಾನದಲ್ಲಿ ಕ್ಯೂಬಿಟ್‌ಗಳನ್ನು ಜೋಡಿಸುವ ಕೊಂಡಿಯ ಗಾತ್ರ, 2 ಸಾಕು. ನನ್ನದು ಆಳವಾದ ರ್‍ಯಾಂಡಮ್ ಸರ್ಕ್ಯೂಟ್. 50 ಕ್ಯೂಬಿಟ್‌ನಲ್ಲಿ ಕರಾರುವಾಕ್ಕಾದ ಉತ್ತರಕ್ಕೆ ನಡುಮಧ್ಯದ ಬಾಂಡ್ 2^25ರವರೆಗೂ ಬೆಳೆಯಬಹುದು. ನಿಮ್ಮ ಫೈಲಿನಲ್ಲಿ ಮಿತಿ 64, ಅದನ್ನು ಮೀರಿದ್ದನ್ನೆಲ್ಲ ಕತ್ತರಿಸಿಬಿಡುತ್ತದೆ.

ನನ್ನ ಸರ್ಕ್ಯೂಟನ್ನು 24 ಕ್ಯೂಬಿಟ್‌ಗೆ ಇಳಿಸಿ ಎರಡೂ ವಿಧಾನದಲ್ಲಿ ಓಡಿಸಿ ಹೋಲಿಸಿದೆ. ಎರಡು ಸ್ಥಿತಿಗಳ ಫಿಡೆಲಿಟಿ, ಅಂದರೆ ಅವು ಎಷ್ಟು ಹೊಂದುತ್ತವೆ ಎಂಬ ಅಳತೆ, ಸೊನ್ನೆಯ ಹತ್ತಿರ ಬಂತು. ಒಂದು ಎಚ್ಚರಿಕೆಯ ಸಾಲೂ ಪರದೆ ಮೇಲೆ ಬರಲಿಲ್ಲ. ನನಗೆ ಹೆಚ್ಚು ಸಿಟ್ಟು ಬಂದಿರುವುದು ಇದಕ್ಕೇ. ಪ್ರೋಗ್ರಾಂ ನಿಂತುಹೋದರೆ ಗೊತ್ತಾಗುತ್ತದೆ, ತಪ್ಪು ಉತ್ತರ ಸುಮ್ನೆ ಬಂದರೆ ಯಾರಿಗೆ ಗೊತ್ತಾಗುತ್ತದೆ? 24ರಲ್ಲಾದರೆ ಹೋಲಿಸಿ ನೋಡಬಹುದು, 50ರಲ್ಲಿ ಅದೂ ಆಗಲ್ಲ ಅಲ್ವಾ?

ಪುಟದಲ್ಲಿ ‘ಪೂರ್ಣ ಸ್ಟೇಟ್ ವೆಕ್ಟರ್, 32 ಕ್ಯೂಬಿಟ್’ ಎಂದು ತಿದ್ದಿ, 50ರ ಮಾತಿದ್ದರೆ ಯಾವ ವಿಧಾನ, ಬಾಂಡ್ ಮಿತಿ ಎಷ್ಟು ಎಂದು ಪಕ್ಕದಲ್ಲೇ ಬರೆಯಿರಿ. ಸ್ಥಿತಿಯನ್ನು ಕತ್ತರಿಸಿದಾಗಲೆಲ್ಲ ಎಷ್ಟು ಕಳೆದುಹೋಯಿತೆಂದು ಫಲಿತಾಂಶದ ಜೊತೆಗೇ ತೋರಿಸಿ. ನನ್ನ ಉಳಿದ ಅವಧಿಯ ಚಂದಾ ಹಣವನ್ನು ವಾಪಸ್ ಮಾಡಿ. ಲಾಗ್ ಫೈಲುಗಳನ್ನು ಲಗತ್ತಿಸಿದ್ದೇನೆ.

ಇಂತಿ,
ನಿಮ್ಮ ಚಂದಾದಾರ